ಹತ್ತು ಕೆಜಿ ಅಕ್ಕನ ಪಂಪು

ಬೀದಿಯ ಮೂಲೆಯಲ್ಲಿ ಪೈಪಿನ ಅಂಗಡಿ ನಡೆಸುತ್ತಿದ್ದ ಹೆಂಗಸಿಗೆ ಪ್ಲಂಬರುಗಳು ಹತ್ತು ಕೆಜಿ ಅಕ್ಕ ಅಂತ ಹೆಸರಿಟ್ಟಿದ್ದರು. ಅವಳ ಮೈ ನೋಡಿದವರಿಗೆ ಆ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತಿರಲಿಲ್ಲ. ಗಾಳಿ ಜೋರಾಗಿ ಬೀಸಿದರೆ ಹಾರಿಹೋಗುವ ಹಾಗಿದ್ದಳು. ಆದರೆ ಗೋಡೆಯೊಳಗೆ ಹೋಗುವ ಪೈಪಿಗೆ ನೀರು ತುಂಬಿಸಿ, ಹತ್ತು ಕೆಜಿ ಒತ್ತಡ ಕೊಟ್ಟು, ಗೇಜಿನ ಮುಳ್ಳು ಅಲ್ಲಾಡದೆ ನಿಂತಿದೆಯೋ ಇಲ್ಲವೋ ಅಂತ ನೋಡದೆ ಸಿಮೆಂಟು ಮೆತ್ತುವವನು ಅವಳ ಲೆಕ್ಕದಲ್ಲಿ ಮನುಷ್ಯಜಾತಿಗೆ ಸೇರಿದವನೇ ಅಲ್ಲ. ಈ ಮಾತನ್ನು ಅವಳು ದಿನಕ್ಕೆ ಹಲವು ಸಲ, ಯಾರು ಕೇಳಲಿ ಬಿಡಲಿ, ಹೇಳುತ್ತಿದ್ದಳು.

ಪೈಪು ಕೊಳ್ಳಲು ಬರುವ ಮನೆ ಯಜಮಾನರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಒಬ್ಬ ಪೈಪನ್ನು ಬೆರಳಿಂದ ತಟ್ಟಿ ಸದ್ದು ಕೇಳುತ್ತಾನೆ. ಇನ್ನೊಬ್ಬ ಮೂಸಿ ನೋಡುತ್ತಾನೆ. ಮತ್ತೊಬ್ಬ ಬಿಳಿ ಪೈಪು ಬಚ್ಚಲಿಗೆ ಒಪ್ಪುತ್ತದೋ ಹಳದಿಯದು ಒಪ್ಪುತ್ತದೋ ಅಂತ ಹೆಂಡತಿಯನ್ನು ಕೇಳುತ್ತಾನೆ, ಪೈಪನ್ನು ಗೋಡೆಯೊಳಗೆ ಹೂತುಬಿಡುತ್ತೇವೆ ಅನ್ನುವುದೇ ಮರೆತವನ ಹಾಗೆ. ಅವಳು ಕುರ್ಚಿಯಿಂದ ಏಳದೆ ಪಾಠ ಒಪ್ಪಿಸುತ್ತಿದ್ದಳು. ತುಕ್ಕು ಬರದಿರಲಿ ಅಂತ ಸತುವು ಲೇಪಿಸಿದ ಕಬ್ಬಿಣದ ಪೈಪು ಗಟ್ಟಿ, ಮೊಳೆ ತಾಗಿದರೂ ಸುಲಭಕ್ಕೆ ತೂತಾಗುವುದಿಲ್ಲ. ಆದರೆ ಆ ಲೇಪ ಸವೆದ ಮೇಲೆ ಒಳಗಿಂದ ತುಕ್ಕು ಕಟ್ಟಿ ಬಾಯಿ ಕಿರಿದಾಗುತ್ತದೆ, ಅದರಲ್ಲೂ ಜೋಡಿಸಲು ತಿರುಪು ಕೊರೆದ ಜಾಗ ಮೊದಲು ಸಾಯುತ್ತದೆ. ಬಿಳಿ ಯುಪಿವಿಸಿ ಪ್ಲಾಸ್ಟಿಕ್ಕು ತಣ್ಣೀರಿಗೆ ಸಾಕು, ಗೀಸರಿನ ನೀರು ಬಿಟ್ಟರೆ ಮೆತ್ತಗಾಗುತ್ತದೆ. ಸಿಪಿವಿಸಿ ಬಿಸಿನೀರನ್ನೂ ತಡೆದುಕೊಳ್ಳುತ್ತದೆ, ಆದರೆ ನೀರು ಬಿಸಿಯಾದಷ್ಟೂ ಅದು ತಾಳುವ ಒತ್ತಡ ಇಳಿಯುತ್ತದೆ, ಜೋಡಿಸುವ ಅಂಟು ಒಣಗುವ ತನಕ ಕಾಯಬೇಕು. ಹಸಿರು ಪಿಪಿಆರ್ ಪೈಪನ್ನು ಮೆಷಿನಿನಲ್ಲಿ ಕಾಯಿಸಿ ಬೆಸೆದರೆ ಜೋಡಣೆ ಪೈಪಿನ ಜೊತೆ ಒಂದೇ ತುಂಡಾಗುತ್ತದೆ. ಆದರೆ ಅದರ ಗೋಡೆ ದಪ್ಪ, ಹೊರಗಿನ ಅಳತೆ ನೋಡಿ ತಂದವನಿಗೆ ಒಳಗೆ ನೀರು ಹೋಗುವ ದಾರಿ ಸಣ್ಣದು. ಇಷ್ಟೆಲ್ಲ ಕೇಳಿಸಿಕೊಂಡು ಯಜಮಾನ ಹಲ್ಲು ಕಿರಿದು, "ಹಾಗಾದ್ರೆ ಯಾವುದು ಬೆಸ್ಟು?" ಅನ್ನುತ್ತಿದ್ದ. ಅವನನ್ನು ಅವಳು ನೋಡುತ್ತಿದ್ದ ನೋಟಕ್ಕೆ ಹಾಲು ಒಡೆಯಬೇಕು.

ಅಂಗಡಿ ಶುರು ಮಾಡಿದ್ದು ಗಂಡ. ಅವನು ಇದ್ದಾಗ ಇವಳು ಹಿಂದಿನ ಸ್ಟೂಲಿನ ಮೇಲೆ ಕೂತು ಪೈಪಿನ ಮೇಲೆ ಅಚ್ಚಾದ ಅಕ್ಷರ ಓದುತ್ತಿದ್ದಳು. ಅವನು ತೀರಿಕೊಂಡ ಮೇಲೆ ಅಂಗಡಿ ಮುಚ್ಚುತ್ತದೆ ಅಂತ ಕಾದಿದ್ದ ನೆಂಟರೆಲ್ಲ ಇವಳ ನಾಲಿಗೆಯ ರುಚಿ ನೋಡಿ ಬಾಲ ಮುದುರಿಕೊಂಡು ಹೋದರು. ಮಕ್ಕಳಿರಲಿಲ್ಲ. ಉಳಿದವನು ಒಬ್ಬ ತಮ್ಮ. ಅವನೂ ಪ್ಲಂಬರೇ, ಕೆಲಸ ಕಲಿತದ್ದು ಭಾವನ ಕೈಯಲ್ಲೇ, ಊರಿನ ಆಚೆ ಬದಿಯ ಬಾಡಿಗೆ ಮನೆಯಲ್ಲಿ ಹೆಂಡತಿಯ ಜೊತೆ ಇದ್ದ.

ಈ ತಮ್ಮ ಬಂದು ತನ್ನ ಜೊತೆ ಇರಲಿ ಅನ್ನುವುದು ಅವಳ ಒಂದೇ ಆಸೆ. ಅದಕ್ಕೇ ಅಂಗಡಿಗೆ ಅಂಟಿಕೊಂಡ ತನ್ನ ಮನೆಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು ಕಟ್ಟಿಸಲು ಹೊರಟಳು. ಆದರೆ ಬಾ ಅನ್ನುವ ಮಾತು ಅವಳ ಬಾಯಿಂದ ಅಷ್ಟು ನೇರವಾಗಿ ಬಂದೀತೆ? ತಮ್ಮನಿಗೆ ಫೋನು ಮಾಡಿ, ಆ ಬಿಲದಲ್ಲಿ ಇನ್ನೆಷ್ಟು ದಿನ ಹೆಗ್ಗಣದ ಹಾಗೆ ಇರುತ್ತೀಯ ಅಂತ ಕೇಳಿದಳು. ಅವನು ನಕ್ಕ. ಅವನ ಹೆಂಡತಿ ನಗಲಿಲ್ಲ. ನಿಮ್ಮ ಅಕ್ಕನ ಕೈಕೆಳಗೆ ನೀವು ಬೆಳೆದವರು, ನಿಮಗೆ ಅಭ್ಯಾಸ, ನಾನು ದಿನಾ ಬೆಳಿಗ್ಗೆ ಎದ್ದು ಅವರ ಬೈಗುಳ ಕೇಳಬೇಕಲ್ಲ ಅಂದಳಂತೆ. ಕೊನೆಗೆ ಕೆಲಸ ಮುಗಿಯಲಿ, ನೋಡೋಣ ಅನ್ನುವಲ್ಲಿಗೆ ಬಂದು ನಿಂತರು. ಮೇಲಿನ ಕೆಲಸವನ್ನೆಲ್ಲ ತಮ್ಮನೇ ಮಾಡುವುದು ಅಂತಾಯಿತು.

ಪೈಪಿನ ವಿಷಯಕ್ಕೇ ಮೊದಲ ಜಗಳ. ಅವನಿಗೆ ಪಿಪಿಆರ್ ಹಾಕುವ ಆಸೆ. ಬೆಸೆಯುವ ಮೆಷಿನು ಹೊಸದಾಗಿ ತಂದಿದ್ದ, ಗೋಡೆಯೊಳಗಿನ ಜೋಡಣೆಗೆ ಅದಕ್ಕಿಂತ ನಂಬಿಕೆಯದು ಇಲ್ಲ ಅನ್ನುತ್ತಿದ್ದ. ಅವನ ಮಾತಿನಲ್ಲಿ ನ್ಯಾಯ ಇತ್ತು. ಅಕ್ಕನ ವಾದ ಬೇರೆ. ಪಿಪಿಆರ್ ಬಿಸಿಗೆ ಉದ್ದುದ್ದ ಹಿಗ್ಗುತ್ತದೆ, ನಾಳೆ ಮೂಲೆಯಲ್ಲಿ ಪೈಪು ತಿರುಗಿಸುವ ಒಂದು ಎಲ್ಬೋ ಬದಲಾಯಿಸಬೇಕಾದರೆ ಅಷ್ಟು ಇಕ್ಕಟ್ಟಿನಲ್ಲಿ ಆ ಮೆಷಿನು ಹಿಡಿಸುವುದಿಲ್ಲ, ಸಿಪಿವಿಸಿಯಾದರೆ ಗರಗಸ ಮತ್ತು ಅಂಟಿನ ಡಬ್ಬ ಸಾಕು. ಇದರಲ್ಲೂ ನ್ಯಾಯ ಇತ್ತು. ಆದರೆ ಅವಳು ನ್ಯಾಯವನ್ನು ಅಲ್ಲಿಗೇ ಬಿಡದೆ, ಮೆಷಿನು ತಂದವನಿಗೆಲ್ಲ ಕೈಚಳಕ ಬರುತ್ತದೆ ಅಂತ ಯಾವ ಬೆಪ್ಪುತಕ್ಕಡಿ ಹೇಳಿದ್ದು ಅಂತ ಸೇರಿಸಿದಳು. ತಮ್ಮ ಸೋತು ಸಿಪಿವಿಸಿ ಹೊತ್ತುಕೊಂಡು ಮಹಡಿ ಹತ್ತಿದ.

ಕೆಲಸ ಮಾತ್ರ ಚೆನ್ನಾಗಿ ಮಾಡಿದ. ಗೋಡೆಯನ್ನು ಕೆತ್ತಿ ಪೈಪು ಕೂರಲು ನೇರ ತೋಡು ತೆಗೆದ, ಪೈಪಿನ ತುದಿಯನ್ನು ಕೆರೆದು ನಯ ಮಾಡಿದ, ಅಂಟು ಹಚ್ಚಿ ಕಾಲು ಸುತ್ತು ತಿರುಗಿಸಿ ಒತ್ತಿ ಹಿಡಿದ, ಬಿಸಿನೀರಿನದಕ್ಕೂ ತಣ್ಣೀರಿನದಕ್ಕೂ ನಡುವೆ ಅಂತರ ಬಿಟ್ಟ. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಅಕ್ಕನಿಗೆ ಹೊಟ್ಟೆ ತುಂಬಿದ ಹಾಗಾಯಿತು. ಬಾಯಿಗೆ ಬಂದದ್ದು ಮಾತ್ರ, ಅಂಟೇನು ಪಾಯಸವಾ, ಹಾಗೆ ಸುರಿಯುತ್ತಿದ್ದೀಯಲ್ಲ ಅಂತ.

ಟೈಲ್ಸಿನವನು ಸಾಮಾನು ತಂದಿಟ್ಟು ಕಾಯುತ್ತಿದ್ದ. ಅವನಿಗೆ ಕಾಯುವುದು ಅಂದರೆ ಹಲ್ಲುನೋವು. ಗೀಸರಿನ ಕಡೆಯ ತೋಡೊಂದನ್ನು ಯಾರನ್ನೂ ಕೇಳದೆ ಸಿಮೆಂಟಿನಿಂದ ಮುಚ್ಚಿಬಿಟ್ಟಿದ್ದ. ಅವಳು ಅವನನ್ನು ಎಷ್ಟು ಬೈದಳೆಂದರೆ ಅವನು ಚಹಾದ ಲೋಟ ಹಿಡಿದುಕೊಂಡೇ ತಾರಸಿಗೆ ಹೋಗಿ ನಿಂತ. ಆಮೇಲೆ ಅಂಗಡಿಯಿಂದ ತನ್ನ ಪಂಪು ಹೊರಿಸಿ ತಂದಳು.

ಆ ಪಂಪಿನ ವಿಷಯ ಇಲ್ಲಿ ಹೇಳಲೇಬೇಕು. ನೀರು ತುಂಬುವ ಒಂದು ಪುಟ್ಟ ತೊಟ್ಟಿ, ಒತ್ತಲು ಒಂದು ಹಿಡಿ, ಮೇಲೆ ಒಂದು ಗೇಜು, ಲೈನಿಗೆ ಸಿಕ್ಕಿಸುವ ಒಂದು ಹೋಸು. ಒತ್ತಿದ ನೀರು ಹಿಂದಕ್ಕೆ ಬರದಿರಲಿ ಅಂತ ಒಳಗೆ ಒಂದು ಉಕ್ಕಿನ ಗುಂಡು. ಹೋಸಿನ ಮುಂದೆ ಒಂದು ವಾಲ್ವೂ ಇತ್ತು: ಒತ್ತಡ ಏರಿಸಿದ ಮೇಲೆ ಅದನ್ನು ಮುಚ್ಚಿದರೆ ಲೈನು ಬೇರೆ, ಪಂಪು ಬೇರೆ. ಬಾಡಿಗೆಗೆ ಒಯ್ದವರು ಎರಡು ಸಲ ಆ ವಾಲ್ವಿನ ಹಿಡಿ ಮುರಿದು ತಂದರು. ಎಮ್ಮೆಗಳಿಗೆ ಯಾಕೆ ವಾಲ್ವು ಅಂತ ಅವಳು ಅದನ್ನು ಕಿತ್ತುಹಾಕಿ ಹೋಸನ್ನು ನೇರ ಪಂಪಿಗೇ ಬಿಗಿದಿದ್ದಳು. ಮುಳ್ಳು ಇಳಿಯುತ್ತದೆ ಅಂತ ಆಮೇಲೆ ಯಾರಾದರೂ ದೂರಿದರೆ, ಇಳಿಯುವುದು ನಿನ್ನ ಯೋಗ್ಯತೆ, ನನ್ನ ಪಂಪಿನ ಮುಳ್ಳಲ್ಲ ಅಂತ ಕಳಿಸುತ್ತಿದ್ದಳು. ಮೇಲಿನ ಮನೆಯಲ್ಲಿ ತಮ್ಮ, ನಲ್ಲಿ ಬರಬೇಕಾದ ಬಾಯಿಗಳಿಗೆಲ್ಲ ಬಿರಡೆ ಬಿಗಿದ. ನಿಧಾನ ನೀರು ತುಂಬಿಸಿ, ಎಲ್ಲಕ್ಕಿಂತ ಎತ್ತರದ ಬಾಯಿಯಿಂದ ಗಾಳಿಯನ್ನೆಲ್ಲ ಹೊರಗೆ ಬಿಟ್ಟ. ಹಿಡಿ ಒತ್ತಿದ. ಮುಳ್ಳು ಹತ್ತಕ್ಕೆ ಏರಿತು, ಸ್ವಲ್ಪ ಇಳಿಯಿತು. ಪ್ಲಾಸ್ಟಿಕ್ಕು ಮೊದಲು ಕೊಂಚ ಹಿಗ್ಗುತ್ತದೆ ಅಂತ ಇಬ್ಬರಿಗೂ ಗೊತ್ತು. ಮತ್ತೆ ಏರಿಸಿ ಕೂತರು. ಅವನ ಹೆಂಡತಿ ಊಟದ ಡಬ್ಬಿ ತಂದಿದ್ದಳು. ಊಟ ಮುಗಿಸಿ ಎದ್ದು ನೋಡಿದಾಗ ಮುಳ್ಳು ಆರರ ಹತ್ತಿರ ಇತ್ತು.

ತಮ್ಮ ಒಣಬಟ್ಟೆ ತೆಗೆದುಕೊಂಡು ಒಂದೊಂದು ಜೋಡಣೆಯನ್ನೂ ಒರೆಸಿ ನೋಡಿದ. ಬಟ್ಟೆ ಒಣಗಿದ್ದದ್ದು ಒಣಗಿದ್ದ ಹಾಗೇ ಇತ್ತು. ಬಿರಡೆಗಳ ಸುತ್ತ ಬೆರಳಾಡಿಸಿದ. ಹೋಸಿನ ತುದಿ ನೋಡಿದ. ಎಲ್ಲೂ ಒಂದು ಹನಿ ಇಲ್ಲ. ಪಂಪನ್ನೊಮ್ಮೆ ನೋಡೋಣವಾ ಅಂತ ಮೆಲ್ಲಗೆ ಕೇಳಿದ.

"ಕುಣಿಯೋಕೆ ಬರದವರು ನೆಲದ ಮೇಲೆ ತಪ್ಪು ಹೊರಿಸ್ತಾರಂತೆ, ನೀನು ಅವರ ಕಡೆಯವನು," ಅಂದಳು ಅಕ್ಕ. "ನಿಮ್ಮ ಭಾವ ನಿನಗೆ ಕೆಲಸ ಕಲಿಸಿದ್ದು ದಂಡ. ಆ ಮುಚ್ಚಿರೋದನ್ನ ಒಡಿ. ಅಲ್ಲೇ ಇದೆ ನಿನ್ನ ಮರ್ಯಾದೆ."

ಟೈಲ್ಸಿನವನು ಕೇಳಿಸಿಕೊಂಡ. ಮರಳು ಜರಡಿ ಹಿಡಿಯುತ್ತಿದ್ದ ಗಾರೆಯವನು ಕೇಳಿಸಿಕೊಂಡ. ಹೆಂಡತಿ ಡಬ್ಬಿಯ ಮುಚ್ಚಳ ಹಾಕುತ್ತ ಕೇಳಿಸಿಕೊಂಡಳು. ತಮ್ಮ ಉಳಿ ಎತ್ತಿಕೊಂಡು ಮುಚ್ಚಿದ ತೋಡನ್ನು ಒಡೆದ. ಒಳಗೆ ಪೈಪು ಒಣಗಿತ್ತು, ಸಿಮೆಂಟಿನಲ್ಲಿ ಹಸಿಯ ಕಲೆಯೂ ಇರಲಿಲ್ಲ. ಆದರೂ ಅವನಿಗೆ ತನ್ನ ಕೈಮೇಲೆ ಅನುಮಾನ ಹುಟ್ಟಿತ್ತು. ಅಲ್ಲಿದ್ದ ಎಲ್ಬೋಗಳನ್ನೆಲ್ಲ ಕತ್ತರಿಸಿ ತೆಗೆದು, ಹೊಸ ತುಂಡು ಹಾಕಿ, ಮತ್ತೆ ಅಂಟಿಸಿದ. ಹಸಿ ಅಂಟಿನ ಮೇಲೆ ಒತ್ತಡ ಕೊಡುವ ಹಾಗಿಲ್ಲ. ಮರುದಿನ ಮಧ್ಯಾಹ್ನದ ತನಕ ಕಾದು ಏರಿಸಿದರು. ಮುಳ್ಳು ಅದೇ ನಿಧಾನದಲ್ಲಿ ಇಳಿಯಿತು.

ಆ ದಿನ ಅವಳು ಆಡಿದ ಮಾತನ್ನೆಲ್ಲ ಬರೆದರೆ ಕಾಗದಕ್ಕೆ ನಾಚಿಕೆ. ಇಪ್ಪತ್ತು ಮನೆಗೆ ಕೆಲಸ ಮಾಡಿದ್ದೀಯ, ಅಷ್ಟೂ ಗೋಡೆಗಳು ಈಗ ಒಳಗೊಳಗೇ ಕೊಳೆಯುತ್ತಿರಬೇಕು ಅಂದದ್ದು ಅದರಲ್ಲಿ ಮೆತ್ತನೆಯದು. ಅವನು ಅಡುಗೆಮನೆಯ ಕಡೆಯ ಜೋಡಣೆಗಳನ್ನೂ ಕತ್ತರಿಸಿ ತೆಗೆದು ಹೊಸದಾಗಿ ಅಂಟಿಸಲು ಕೂತ. ಒಂದೇ ತುಂಡನ್ನು ಮೂರು ಮೂರು ಸಲ ಅಳೆದು ಕತ್ತರಿಸುತ್ತಿದ್ದದ್ದನ್ನು ಅವಳೂ ನೋಡಿದಳು. ನೋಡಿ, ಇನ್ನಾದರೂ ಬುದ್ಧಿ ಬರಲಿ ಅಂದುಕೊಂಡಳು.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬ ಮುದುಕ ಪ್ಲಂಬರು ಬಂದ. ಹೋದ ವಾರ ಪಂಪು ಒಯ್ದಿದ್ದವನು. ನಿಮ್ಮ ಪಂಪಿನಲ್ಲಿ ಮುಳ್ಳು ಇಳಿಯಿತು, ಬೇರೆ ಕಡೆಯಿಂದ ತಂದ ಪಂಪಿನಲ್ಲಿ ಅದೇ ಲೈನು ಕಲ್ಲಿನ ಹಾಗೆ ನಿಂತಿತು ಅಂದ. ಅವಳು ಅವನ ಕನ್ನಡಕದಿಂದ ಹಿಡಿದು ಅವನ ಗುರುವಿನ ತನಕ ಜಾಲಾಡಿ ಕಳಿಸಿದಳು. ಅವನು ಹೋದ ಮೇಲೂ ಸಮಾಧಾನ ಆಗಲಿಲ್ಲ. ಇನ್ನೊಮ್ಮೆ ಬಂದರೆ ಮುಖಕ್ಕೆ ಹೊಡೆದ ಹಾಗೆ ತೋರಿಸೋಣ ಅಂತ, ಹಿಂದಿನ ಸಂಜೆ ಅಂಗಡಿಗೆ ವಾಪಸು ತಂದಿಟ್ಟ ಪಂಪಿನ ಹೋಸು ಬಿಚ್ಚಿ, ಅದರ ಬಾಯಿಗೇ ಒಂದು ಹಿತ್ತಾಳೆಯ ಬಿರಡೆ ಬಿಗಿದಳು. ಈಗ ಲೈನಿಲ್ಲ, ಜೋಡಣೆ ಇಲ್ಲ, ತಮ್ಮನ ಕೈ ಇಲ್ಲ. ಪಂಪು ಮತ್ತು ಅವಳು ಅಷ್ಟೇ. ಹತ್ತಕ್ಕೆ ಏರಿಸಿ ಕೈಬಿಟ್ಟಳು.

ಮುಳ್ಳು ನೋಡನೋಡುತ್ತಲೇ ಸೊನ್ನೆಗೆ ಬಂತು.

ಮೂರು ಸಲ ಮಾಡಿದಳು, ಮೂರು ಸಲವೂ ಹಾಗೇ. ತೊಟ್ಟಿಯ ಕಡೆ ಬಗ್ಗಿ ನೋಡಿದರೆ ಒಳಗಿನ ತೂತಿನಿಂದ ನೀರು ನೂಲಿನ ಹಾಗೆ ಹಿಂದಕ್ಕೆ ಬರುತ್ತಿತ್ತು. ತೊಟ್ಟಿಯಲ್ಲಿ ನೀರಿರುವುದು ಸಹಜ, ಹಾಗಾಗಿ ಅಲ್ಲಿ ಯಾರೂ ಹನಿ ಹುಡುಕಿರಲಿಲ್ಲ. ಬಿಚ್ಚಿದಳು. ಗುಂಡಿನ ಕೆಳಗೆ, ಪೈಪಿನ ತಿರುಪಿಗೆ ಸುತ್ತುವ ಬಿಳಿ ಟೇಪಿನ ಒಂದು ಚೂರು ಸಿಕ್ಕಿಕೊಂಡಿತ್ತು, ಉಗುರಿನಷ್ಟೂ ಇಲ್ಲ. ಗುಂಡು ಕೂರುವ ವಾಷರೂ ಸವೆದಿತ್ತು. ಆ ವಾಲ್ವು ಇದ್ದಿದ್ದರೆ, ಅದನ್ನೊಂದು ಸಲ ಮುಚ್ಚಿದ್ದರೆ, ತಪ್ಪು ಯಾವ ಕಡೆಯದು ಅಂತ ಅಲ್ಲೇ ಗೊತ್ತಾಗುತ್ತಿತ್ತು. ಎಮ್ಮೆ ಯಾರು ಅಂತ ಅವಳಿಗೆ ಕೇಳಿಕೊಳ್ಳುವ ಧೈರ್ಯ ಬರಲಿಲ್ಲ.

ಇಲ್ಲಿ ಅವಳು ಮಾಡಬೇಕಾಗಿದ್ದದ್ದು ಒಂದು ಫೋನು. ಮಾಡಲಿಲ್ಲ. ಚೂರನ್ನು ಗುಡಿಸಿ ಹಾಕಿದಳು, ಹೊಸ ವಾಷರು ಕೂಡಿಸಿದಳು, ಬಿರಡೆ ಬಿಗಿದು ಏರಿಸಿದಳು. ಮುಳ್ಳು ನಿಂತಿತು. ನಿಂತ ಮುಳ್ಳನ್ನು ನೋಡುತ್ತ ಅವಳ ಜಾಣತನ ಓಡತೊಡಗಿತು. ಯಾರೂ ನೋಡಿಲ್ಲ. ಮಧ್ಯಾಹ್ನ ಲೈನು ನಿಲ್ಲುತ್ತದೆ. ರಿಪೇರಿ ಮಾಡಿದ್ದರಿಂದ ನಿಂತಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಾನು ಒಂದು ಸಲ ದೊಡ್ಡ ಮನಸ್ಸು ಮಾಡಿ, ಹೋಗಲಿ ಬಿಡು ಅಂದುಬಿಟ್ಟರೆ ತಮ್ಮನಿಗೂ ಖುಷಿ, ಕೆಲಸವೂ ಮುಗಿಯಿತು. ಇನ್ನೊಬ್ಬರು ಹೀಗೆ ಮಾಡಿದ್ದರೆ ಅವರ ಏಳು ತಲೆಮಾರನ್ನು ಎಳೆಯುತ್ತಿದ್ದವಳು, ತನ್ನದಕ್ಕೆ ಮಾತ್ರ ಎಷ್ಟು ಬೇಗ ಹೊದಿಕೆ ಹೊಲಿದಳು ನೋಡಿ.

ಮಧ್ಯಾಹ್ನ ಎಲ್ಲರೂ ಮೇಲೆ ಸೇರಿದರು. ಹೆಂಡತಿಯೂ ಬಂದು ಬಾಗಿಲ ಬಳಿ ನಿಂತಿದ್ದಳು. ತಮ್ಮ ನೀರು ತುಂಬಿಸಿ ಗಾಳಿ ಬಿಟ್ಟು ಹಿಡಿ ಒತ್ತಿದ. ಕೊಂಚ ಇಳಿಯಿತು, ಮತ್ತೆ ಏರಿಸಿದ. ಆಮೇಲೆ ಮುಳ್ಳು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತು. ಚಹಾ ಬಂತು, ಮುಗಿಯಿತು, ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯಿತು. ಮುಳ್ಳು ಅಲ್ಲೇ. ಟೈಲ್ಸಿನವನು ಕೈಗೆ ಅಂಟಿದ ಸಿಮೆಂಟು ಝಾಡಿಸಿ, ಅಂತೂ ಆಯಿತಲ್ಲ ಅಂದ.

ಅಕ್ಕ ತನ್ನ ದೊಡ್ಡ ಮನಸ್ಸನ್ನು ಹೊರತೆಗೆಯಲು ಬಾಯಿ ತೆರೆದಳು. ಅಷ್ಟರಲ್ಲಿ ತಮ್ಮ ನೆಲದ ಮೇಲೆ ಕೂತುಬಿಟ್ಟ.

"ಅಕ್ಕ, ನೀನು ಬೈದಿದ್ದು ಒಳ್ಳೇದಾಯ್ತು," ಅಂದ. "ಎಲ್ಲಿ ತಪ್ಪಿತ್ತು ಅಂತ ನನಗೆ ಈಗ್ಲೂ ಗೊತ್ತಾಗ್ತಿಲ್ಲ. ಕತ್ತರಿಸಿ ತೆಗೆದ ಒಂದೊಂದು ಎಲ್ಬೋನೂ ಮನೆಗೆ ಒಯ್ದು ಸೀಳಿ ನೋಡ್ದೆ. ಅಂಟು ಎಲ್ಲಾ ಕಡೆ ಕೂತಿದೆ. ಆದ್ರೂ ಸೋರ್ತಿತ್ತು ಅಂದ್ರೆ ನನ್ನ ಕಣ್ಣಿಗೇ ಕಾಣ್ತಿಲ್ಲ ಅಂತ. ಇನ್ನು ಬೇರೆಯವರ ಗೋಡೆ ಮುಟ್ಟೋಲ್ಲ ನಾನು. ನಿನ್ನ ಅಂಗಡೀಲಿ ಸಾಮಾನು ಎತ್ತಿಡೋಕೆ ಒಬ್ಬರು ಬೇಕಲ್ಲ, ಅಲ್ಲೇ ಇರ್ತೀನಿ."

ಬಾಗಿಲ ಬಳಿ ಅವನ ಹೆಂಡತಿ ಕಣ್ಣೊರೆಸಿಕೊಂಡಳು. ಅವಳು ಒಪ್ಪಿದ್ದಾಳೆ ಅನ್ನುವುದು ಆ ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಗಂಡ ಹೀಗೆ ಮುರಿದುಬಿದ್ದ ಮೇಲೆ ಎಲ್ಲಿದ್ದರೇನು ಅನ್ನುವ ಒಪ್ಪಿಗೆ. ಅಕ್ಕನ ಆಸೆ ಅಷ್ಟೂ ಕೈಗೆ ಬಂದಿತ್ತು. ತಮ್ಮ ಮೇಲಿನ ಮನೆಗೆ ಬರುತ್ತಾನೆ, ಕೆಳಗಿನ ಅಂಗಡಿಗೂ ಬರುತ್ತಾನೆ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲು ಅವಳು ಪ್ರಯತ್ನವನ್ನೂ ಪಟ್ಟಳು. ಆದರೆ ಕೆಳಗೆ ಕೂತ ಅವನ ಅಂಗೈಗಳು ಮೇಲ್ಮುಖವಾಗಿ ತೊಡೆಯ ಮೇಲೆ ಬಿದ್ದಿದ್ದವು, ಯಾರದೋ ಸಾಮಾನನ್ನು ತಂದು ಇಟ್ಟ ಹಾಗೆ. ಆ ಕೈಗಳ ಕೆಲಸ ಅವಳಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿರುವುದಕ್ಕಿಂತ ಹೆಚ್ಚು ಗೊತ್ತಿತ್ತು.

"ನಿನ್ನದೇನೂ ತಪ್ಪಿರಲಿಲ್ಲ," ಅಂದಳು. "ಪಂಪಿಂದು. ಒಳಗೆ ಟೇಪಿನ ಚೂರು ಸಿಕ್ಕಿಕೊಂಡಿತ್ತು. ನೀರು ತೊಟ್ಟಿಗೇ ವಾಪಸು ಹೋಗ್ತಿತ್ತು."

ಟೈಲ್ಸಿನವನು ಮುಖ ತಿರುಗಿಸಿದ. ಅವನಂಥವನಿಗೂ ನಾಚಿಕೆಯಾಯಿತು. ತಮ್ಮ ಗೇಜನ್ನು ನೋಡಿದ. ಅವನ ಮುಖಕ್ಕೆ ರಕ್ತ ವಾಪಸು ಬಂತು, ಬೆನ್ನು ನೆಟ್ಟಗಾಯಿತು. ಆಮೇಲೆ ಕೇಳಿದ, ಯಾವಾಗ ಗೊತ್ತಾಯಿತು ಅಂತ.

"ಬೆಳಿಗ್ಗೆ."

"ಬೆಳಿಗ್ಗೇನೇ ಗೊತ್ತಿದ್ದೂ ಇಲ್ಲೀವರೆಗೆ ನನ್ನ ಕೈಯಲ್ಲಿ ಹಿಡಿ ಒತ್ತಿಸ್ತಾ ಕೂತಿದ್ದೆಯಲ್ಲ," ಅಂದ. "ಪಂಪು ಕೆಡೋದು ಇದ್ದಿದ್ದೇ ಅಕ್ಕ. ಬೈಗುಳನೂ ನನಗೆ ಹೊಸದಲ್ಲ."

ಜಗಳವಾಡಿದ್ದರೆ ಅವಳು ಗೆಲ್ಲುತ್ತಿದ್ದಳೋ ಏನೋ. ಅವನು ಎದ್ದು ಒತ್ತಡ ಇಳಿಸಿದ, ಹೋಸು ಬಿಚ್ಚಿದ. ಪ್ರತಿ ಗೋಡೆಯ ಮುಂದೆ ಅಳತೆಯ ಟೇಪು ಹಿಡಿದು, ಪೈಪು ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವ ಹಾಗೆ ಫೋನಿನಲ್ಲಿ ಚಿತ್ರ ತೆಗೆದ. ಅವನ್ನೆಲ್ಲ ಅಕ್ಕನ ಫೋನಿಗೆ ಕಳಿಸಿ, ಮುಂದೆ ಇಲ್ಲಿ ಇರುವವರು ಮೊಳೆ ಹೊಡೆಯುವ ಮುಂಚೆ ಇದನ್ನು ನೋಡಲಿ ಅಂದ. ಟೈಲ್ಸಿನವನಿಗೆ ಇನ್ನು ಮುಚ್ಚಬಹುದು ಅಂತ ಹೇಳಿ ಹೆಂಡತಿಯ ಜೊತೆ ಮೆಟ್ಟಿಲಿಳಿದ. ಅವನ ಹೆಂಡತಿ ಮಾತ್ರ ಇಳಿಯುವ ಮೊದಲು ಒಮ್ಮೆ ಅಕ್ಕನನ್ನು ನೋಡಿದಳು. ಜೀವಮಾನವೆಲ್ಲ ಜನರನ್ನು ಹಾಗೆ ನೋಡಿದವಳಿಗೆ ಆ ನೋಟದ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೇಲಿನ ಮನೆ ಮುಗಿಯಿತು. ಟೈಲ್ಸು ಕೂತಿತು, ನಲ್ಲಿ ಬಂತು, ಗೀಸರು ಬಂತು. ಗೋಡೆಗೆ ಒಂದು ಹಸಿ ಕಲೆ ಬೀಳಲಿಲ್ಲ. ತಮ್ಮ ಊರಿನ ಆಚೆ ಬದಿಯಲ್ಲೇ ಕೆಲಸ ಮಾಡುತ್ತಿದ್ದಾನೆ, ಪಿಪಿಆರ್ ಬೆಸೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಅಂತ ಗಿರಾಕಿಗಳ ಬಾಯಲ್ಲಿ ಅವಳಿಗೆ ತಿಳಿಯಿತು. ಪೈಪು ಎಲ್ಲಿಂದ ತರುತ್ತಾನೆ ಅಂತ ಅವಳು ಕೇಳಲಿಲ್ಲ. ತನ್ನಲ್ಲಿಂದ ಅಲ್ಲ ಅನ್ನುವುದು ಗೊತ್ತಿತ್ತು. ಫೋನು ಮಾಡಿದರೆ ಎತ್ತುತ್ತಾನೆ, ಆರೋಗ್ಯ ವಿಚಾರಿಸುತ್ತಾನೆ, ಇಡುತ್ತಾನೆ.

ನಾಲಿಗೆ ಏನೂ ಮೆತ್ತಗಾಗಲಿಲ್ಲ. ಪೈಪು ಮೂಸುವವರನ್ನು ಈಗಲೂ ಅಷ್ಟೇ ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಪಂಪಿಗೆ ಮಾತ್ರ ಹೊಸ ವಾಲ್ವು ಬಂದಿದೆ. ಬಾಡಿಗೆಗೆ ಕೇಳಿದವರ ಎದುರಿಗೇ ಅದನ್ನು ಮುಚ್ಚಿ, ಹತ್ತಕ್ಕೆ ಏರಿಸಿ, ಮುಳ್ಳು ನಿಂತದ್ದನ್ನು ಅವರ ಕಣ್ಣಿಗೆ ತೋರಿಸಿಯೇ ಕೊಡುತ್ತಾಳೆ. ಯಾಕೆ ಅಂತ ಕೇಳಿದವನಿಗೆ ನಿನಗ್ಯಾಕೆ ಅನ್ನುತ್ತಾಳೆ.

ಒಂದು ದಿನ ಹಾಗೆ ಪಂಪು ಒಯ್ಯಲು ಬಂದ ಒಬ್ಬ ಹೊಸ ಪ್ಲಂಬರು, ಮುಳ್ಳು ನಿಲ್ಲುವುದನ್ನು ಕಾಯುತ್ತ ನಿಂತವನು, ಮೇಲೆ ಮನೆ ಖಾಲಿ ಇದೆಯಂತಲ್ಲ, ನಮಗೆ ಬಾಡಿಗೆಗೆ ಕೊಡುತ್ತೀರಾ ಅಂತ ವಿನಯದಿಂದ ಕೇಳಿದ.

ಅವಳು ಗೇಜಿನಿಂದ ತಲೆ ಎತ್ತಲಿಲ್ಲ.

"ಖಾಲಿ ಇದೆ ಅಂತ ಯಾವನು ಹೇಳಿದ್ದು? ನನ್ನ ತಮ್ಮ ಬರೋನಿದ್ದಾನೆ."